ತಾಳೀಕೋಟೆಯ ಕದನವನ್ನು ನೋಟುಬುಕ್ಕು ಹಿಡಿದು ಓದುವುದು: ಗ್ರಂಥಾಲಯದ ಒಂದು ಸಂಜೆಯ ಪಾಠ

ನಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಈಗ ‘ಅರಿವು ಕೇಂದ್ರ’ ಎಂಬ ಹೊಸ ಬೋರ್ಡು ಬಂದಿದೆ. ಒಳಗೆ ಹಳೆಯ ಕಪಾಟುಗಳೇ ಇವೆ. ಅಲ್ಲಿನ ಮೇಲ್ವಿಚಾರಕಿ ಒಂದು ದಿನ ನನ್ನನ್ನು ತಡೆದು ನಿಲ್ಲಿಸಿ, “ಗುರುಗಳೇ, ಇತಿಹಾಸದ ಪುಸ್ತಕ ಒಯ್ದವರೆಲ್ಲ ಜಗಳವಾಡಿಕೊಂಡು ವಾಪಸು ತರುತ್ತಾರೆ. ಹೇಗೆ ಓದಬೇಕು ಎಂದು ಒಂದು ಸಂಜೆ ಹೇಳಿಕೊಡಿ” ಎಂದರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದವನು ನಾನು. ಪರೀಕ್ಷೆಗೆ ಓದಿಸಿದ್ದೇ ಹೆಚ್ಚು, ಓದುವುದನ್ನು ಕಲಿಸಿದ್ದು ಕಡಿಮೆ. ಆ ಸಾಲ ತೀರಿಸುವ ಅವಕಾಶ ಎಂದು ಒಪ್ಪಿಕೊಂಡೆ.

ಅಂದು ಇಪ್ಪತ್ತೈದು ಜನ ಸೇರಿದ್ದರು. ಆಡಿದ ಮಾತನ್ನು, ನಡುವೆ ಎದ್ದ ತಕರಾರುಗಳ ಸಮೇತ, ಮನೆಯಲ್ಲಿ ಕುಳಿತು ಯಾರಾದರೂ ಮಾಡಿ ನೋಡಬಹುದಾದ ಹಾಗೆ ಇಲ್ಲಿ ಬರೆದಿದ್ದೇನೆ. ಉದಾಹರಣೆಗೆ ನಾನು ಆರಿಸಿಕೊಂಡದ್ದು 1565ರ ಜನವರಿಯ ಕದನ. ಒಂದು ಕಡೆ ವಿಜಯನಗರದ ಅಳಿಯ ರಾಮರಾಯ. ಇನ್ನೊಂದು ಕಡೆ ವಿಜಯಪುರದ ಅಲಿ ಆದಿಲ್‌ಶಾಹ, ಅಹಮದನಗರದ ಹುಸೇನ್ ನಿಜಾಮ್‌ಶಾಹ, ಗೋಲ್ಕೊಂಡದ ಇಬ್ರಾಹಿಂ ಕುತುಬ್‌ಶಾಹ ಮತ್ತು ಬೀದರಿನ ಅಲಿ ಬರೀದ್‌ಶಾಹ. ಈ ಕದನದ ಬಗ್ಗೆ ಕನ್ನಡಿಗರಲ್ಲಿ ಅಭಿಪ್ರಾಯವಿಲ್ಲದವರು ಸಿಗುವುದು ಕಷ್ಟ, ಆದ್ದರಿಂದಲೇ ಅಭ್ಯಾಸಕ್ಕೆ ಒಳ್ಳೆಯದು.

ಒಂದೇ ಅಧ್ಯಾಯ, ಒಂದು ನೋಟುಬುಕ್ಕು

ಇಡೀ ಪುಸ್ತಕವನ್ನು ವಿಮರ್ಶೆ ಮಾಡುತ್ತೇನೆಂದು ಹೊರಡಬೇಡಿ. ಹತ್ತು ಹದಿನೈದು ಪುಟಗಳ ಒಂದು ಅಧ್ಯಾಯ ಸಾಕು. ಅದನ್ನು ಎರಡು ಸಲ ಓದಬೇಕು. ಮೊದಲ ಸಲ ಕತೆ ಓದಿದ ಹಾಗೆ, ಸುಮ್ಮನೆ. ಎರಡನೆಯ ಸಲ ನೋಟುಬುಕ್ಕು ಪಕ್ಕದಲ್ಲಿಟ್ಟುಕೊಂಡು. ಪುಸ್ತಕದ ಮೇಲೆಯೇ ಪೆನ್ಸಿಲ್ಲಿನಿಂದ ಗುರುತು ಮಾಡಿ ಎಂದು ನಾನು ಹೇಳಹೊರಟಾಗ ಮೇಲ್ವಿಚಾರಕಿ ಕೈ ಎತ್ತಿದರು. ಅವರು ಹೇಳಿದ್ದು ಸರಿ. ಗ್ರಂಥಾಲಯದ ಪುಸ್ತಕದಲ್ಲಿ ಹಿಂದಿನವರು ಎಳೆದ ಗೆರೆ ಮುಂದಿನವರ ಕಣ್ಣನ್ನೂ ಎಳೆಯುತ್ತದೆ. ಅದೂ ಒಂದು ಬಗೆಯ ಪಕ್ಷಪಾತವೇ.

ನೋಟುಬುಕ್ಕಿನ ಪುಟವನ್ನು ಉದ್ದಕ್ಕೆ ಎರಡು ಭಾಗ ಮಾಡಿ. ಎಡಗಡೆ ಪುಸ್ತಕದ ಮಾತು, ನಿಮ್ಮದೇ ಚಿಕ್ಕ ವಾಕ್ಯದಲ್ಲಿ. ಬಲಗಡೆ ನಿಮ್ಮ ಪ್ರಶ್ನೆ. ಬಲಗಡೆ ಖಾಲಿ ಉಳಿದರೂ ಪರವಾಗಿಲ್ಲ, ತುಂಬಲೇಬೇಕೆಂದು ಹೊರಟರೆ ಇಲ್ಲದ ತಪ್ಪುಗಳು ಕಾಣತೊಡಗುತ್ತವೆ.

ವರ್ಷಗಳ ದಾರ ಎಳೆಯಿರಿ

ಅಧ್ಯಾಯಕ್ಕೆ ಕೈ ಹಾಕುವ ಮೊದಲು ಪುಸ್ತಕದ ಮುದ್ರಣ ವಿವರದ ಪುಟ ಮತ್ತು ಮುನ್ನುಡಿಯನ್ನು ನೋಡಿ. ನಾವು ಸಾಮಾನ್ಯವಾಗಿ ಹಾರಿಸಿಬಿಡುವ ಪುಟಗಳಿವು. ಬರೆದವರು ಯಾರು, ಎಲ್ಲಿ ಕುಳಿತು ಬರೆದರು, ಮೊದಲ ಮುದ್ರಣ ಯಾವಾಗ, ಅನುವಾದವಾದರೆ ಯಾವ ಭಾಷೆಯಿಂದ ಎಂಬುದು ಅಲ್ಲಿ ಸಿಗುತ್ತದೆ. ಆಮೇಲೆ ಒಂದು ಗೆರೆ ಎಳೆದು ವರ್ಷಗಳನ್ನು ಪೋಣಿಸಿ.

ನಮ್ಮ ಕದನಕ್ಕೆ ಆ ಗೆರೆ ಹೀಗಿದೆ. ಕದನ ನಡೆದದ್ದು 1565ರಲ್ಲಿ. ಸೀಸರ್ ಫೆಡರಿಚಿ ಎಂಬ ವೆನಿಸ್ಸಿನ ವ್ಯಾಪಾರಿ ವಿಜಯನಗರಕ್ಕೆ ಬಂದದ್ದು 1567ರಲ್ಲಿ. ಕದನದ ವಿವರಗಳನ್ನು ಪಾರಸಿಯಲ್ಲಿ ಬರೆದ ಫೆರಿಶ್ತಾ ವಿಜಯಪುರದ ಆಸ್ಥಾನಕ್ಕೆ ಬಂದದ್ದೇ 1589ರಲ್ಲಿ, ಅವನ ಗ್ರಂಥ ಒಂದು ರೂಪಕ್ಕೆ ಬಂದದ್ದು 1606ರ ಸುಮಾರಿಗೆ. ಜಾನ್ ಬ್ರಿಗ್ಸ್ ಅದನ್ನು ಇಂಗ್ಲಿಷಿಗೆ ತಂದದ್ದು 1829ರಲ್ಲಿ. ಮದರಾಸು ಪ್ರಾಂತದ ಅಧಿಕಾರಿಯಾಗಿದ್ದ ರಾಬರ್ಟ್ ಸಿವೆಲ್ ವಿಜಯನಗರದ ಬಗ್ಗೆ ತನ್ನ ಹೆಸರಾಂತ ಪುಸ್ತಕವನ್ನು ಹೊರತಂದದ್ದು 1900ರಲ್ಲಿ. ನಮ್ಮ ಕಪಾಟಿನಲ್ಲಿರುವ ಕನ್ನಡ ಪುಸ್ತಕಗಳಲ್ಲಿ ಬಹುಪಾಲು ಸಿವೆಲ್ಲನಿಂದ ಎತ್ತಿಕೊಂಡವು, ಸಿವೆಲ್ ಎತ್ತಿಕೊಂಡದ್ದು ಬ್ರಿಗ್ಸನಿಂದ, ಬ್ರಿಗ್ಸನ ಮೂಲ ಫೆರಿಶ್ತಾ. ಫೆರಿಶ್ತಾ ಕದನ ಕಂಡವನಲ್ಲ.

ಈ ಗೆರೆಯನ್ನು ಹಲಗೆಯ ಮೇಲೆ ಬರೆದಾಗ ಹಿಂದಿನ ಸಾಲಿನಲ್ಲಿದ್ದ ಕಾಲೇಜು ಹುಡುಗನೊಬ್ಬ, “ಹಾಗಾದರೆ ಐದು ಪುಸ್ತಕಗಳಲ್ಲಿ ಒಂದೇ ಮಾತು ಇದೆ ಎಂದರೆ ಐದು ಸಾಕ್ಷಿಗಳಲ್ಲ, ಒಂದೇ ಸಾಕ್ಷಿ” ಎಂದ. ನಾನು ಅರ್ಧ ಗಂಟೆಯಲ್ಲಿ ಹೇಳಬೇಕೆಂದಿದ್ದನ್ನು ಅವನು ಅರ್ಧ ನಿಮಿಷದಲ್ಲಿ ಹೇಳಿ ಮುಗಿಸಿದ್ದ.

ಈ ದಾರದಲ್ಲಿ ಇನ್ನೊಂದು ಗಂಟು ಇದೆ. ಫೆರಿಶ್ತಾ ಬರೆದದ್ದು ವಿಜಯಪುರದ ಅನ್ನ ಉಂಡು. ಅವನ ಪ್ರಕಾರ ರಾಮರಾಯನ ವಿರುದ್ಧ ಒಕ್ಕೂಟ ಕಟ್ಟುವ ಆಲೋಚನೆ ಮೊದಲು ಹೊಳೆದದ್ದು ವಿಜಯಪುರದ ಅಲಿ ಆದಿಲ್‌ಶಾಹನಿಗೆ. ಅಹಮದನಗರದ ಆಸ್ಥಾನದಲ್ಲಿ ಬರೆದ ಸಯ್ಯದ್ ಅಲಿ ತಬಾತಬಾ ಎಂಬಾತನ ಚರಿತ್ರೆಯಲ್ಲಿ ಆ ಮುಂದಾಳತ್ವ ಅಹಮದನಗರದ ಹುಸೇನ್ ನಿಜಾಮ್‌ಶಾಹನ ಪಾಲಿಗೆ ಹೋಗುತ್ತದೆ. ಇಬ್ಬರೂ ಒಂದೇ ಧರ್ಮದವರು, ಒಂದೇ ಭಾಷೆಯಲ್ಲಿ ಬರೆದವರು, ಒಂದೇ ಗೆಲುವನ್ನು ಹೊಗಳಿದವರು. ಆದರೂ ಕೀರ್ತಿಯ ಪಾಲುಪಟ್ಟಿಯಲ್ಲಿ ಹೊಂದಾಣಿಕೆಯಿಲ್ಲ. ಪಕ್ಷಪಾತವೆಂದರೆ ಧರ್ಮದ್ದೇ ಆಗಿರಬೇಕು ಎಂದು ಹುಡುಕಹೊರಟವರಿಗೆ ಈ ಅನ್ನದ ಋಣದ ಪಕ್ಷಪಾತ ಕಣ್ಣಿಗೆ ಬೀಳುವುದೇ ಇಲ್ಲ.

ಕಂಡದ್ದೋ, ಕೇಳಿದ್ದೋ

ಈಗ ಎರಡನೆಯ ಓದು. ಎಡಗಡೆ ಬರೆದುಕೊಂಡ ಪ್ರತಿ ಮಾತಿನ ಎದುರಿಗೆ ನಾಲ್ಕು ಪದಗಳಲ್ಲಿ ಒಂದನ್ನು ಬರೆಯಿರಿ: ಕಂಡದ್ದು, ಕೇಳಿದ್ದು, ಓದಿದ್ದು, ಊಹೆ. ಪುಸ್ತಕ ಬರೆದವನಿಗೆ ಆ ಮಾತು ಹೇಗೆ ತಿಳಿಯಿತು ಎಂಬ ಲೆಕ್ಕ ಇದು. ಎಲ್ಲೂ ಸುಳಿವು ಸಿಗದಿದ್ದರೆ ಪ್ರಶ್ನೆಯ ಚಿಹ್ನೆ ಹಾಕಿ ಮುಂದೆ ಹೋಗಿ.

ಒಬ್ಬನೇ ಲೇಖಕನ ಒಂದೇ ಪುಟದಲ್ಲಿ ಇವೆಲ್ಲ ಬೆರೆತಿರುತ್ತವೆ ಎಂಬುದಕ್ಕೆ ಫೆಡರಿಚಿ ಒಳ್ಳೆಯ ಉದಾಹರಣೆ. ಅರಬ್ಬೀ ಕುದುರೆ ಮಾರಲು ಹೊರಟ ವ್ಯಾಪಾರಿಗಳ ಜೊತೆ ಅವನು ಗೋವೆಯಿಂದ ವಿಜಯನಗರಕ್ಕೆ ಬಂದ. ಒಂದು ತಿಂಗಳಲ್ಲಿ ಮುಗಿಯುವ ಕೆಲಸ, ದಾರಿಗಳ್ಳರ ಕಾಟದಿಂದ ಏಳು ತಿಂಗಳು ಅಲ್ಲೇ ಉಳಿಯಬೇಕಾಯಿತು ಎಂದು ಗೊಣಗುತ್ತಾನೆ. ನಗರದ ಬಗ್ಗೆ ಅವನು ಹೇಳುವುದೇನೆಂದರೆ, ಅದು ಪೂರ್ತಿ ನಾಶವಾಗಿಲ್ಲ, ಮನೆಗಳು ನಿಂತೇ ಇವೆ, ಆದರೆ ಬರಿದಾಗಿವೆ, ಹುಲಿ ಮತ್ತಿತರ ಕಾಡುಪ್ರಾಣಿಗಳು ಅಲ್ಲಿ ವಾಸವಾಗಿವೆ. ಏಳು ತಿಂಗಳು ಇದ್ದವನ ಮಾತು. ಮನೆಗಳ ವಿಷಯದಲ್ಲಿ ‘ಕಂಡದ್ದು’ ಎಂದು ಬರೆಯಬಹುದು. ಹುಲಿಯ ವಿಷಯದಲ್ಲಿ ನಮ್ಮ ಸಭೆ ಒಪ್ಪಲಿಲ್ಲ, ಅದಕ್ಕೆ ಪ್ರಶ್ನೆಯ ಚಿಹ್ನೆಯೇ ಬಿತ್ತು.

ಅದೇ ಫೆಡರಿಚಿ, ರಾಮರಾಯನ ಸೈನ್ಯದಲ್ಲಿದ್ದ ಇಬ್ಬರು ಮುಸ್ಲಿಂ ಸರದಾರರು ಕದನದ ನಡುವೆ ತಿರುಗಿಬಿದ್ದರು, ಸೋಲಿಗೆ ಅದೇ ಕಾರಣ ಎಂದೂ ಬರೆಯುತ್ತಾನೆ. ಕದನ ನಡೆದಾಗ ಅವನು ಅಲ್ಲಿರಲಿಲ್ಲ. ಇದು ಎರಡು ವರ್ಷದ ನಂತರ ಸೋತ ಊರಿನ ಜನರ ಬಾಯಲ್ಲಿ ಕೇಳಿದ್ದು. ಫೆರಿಶ್ತಾನ ಕದನದ ವರ್ಣನೆಯಲ್ಲಿ ಈ ದ್ರೋಹದ ಮಾತಿಲ್ಲ. ಅಲ್ಲಿ ಗೆಲುವಿನ ಕೀರ್ತಿ ಹುಸೇನ್ ನಿಜಾಮ್‌ಶಾಹನ ಫಿರಂಗಿಗಳಿಗೆ ಮತ್ತು ಅವುಗಳಲ್ಲಿ ತಾಮ್ರದ ಕಾಸುಗಳನ್ನು ತುಂಬಿ ಹಾರಿಸಿದ ಜಾಣತನಕ್ಕೆ ಹೋಗುತ್ತದೆ.

ಈಗ ನೋಡಿ: ಸೋತವರಿಗೆ ದ್ರೋಹದ ಕತೆ ಬೇಕು, ಯಾಕೆಂದರೆ ತಮ್ಮ ಶಕ್ತಿ ಕಡಿಮೆಯಿತ್ತು ಎಂದು ಒಪ್ಪುವುದಕ್ಕಿಂತ ಅದು ಹಗುರ. ಗೆದ್ದವರಿಗೆ ಅದು ಬೇಡ, ಗೆಲುವಿನ ಬೆಲೆ ಇಳಿಯುತ್ತದೆ. ಹಾಗಾಗಿ ಫೆಡರಿಚಿ ಹೇಳಿದ ಎಂದ ಮಾತ್ರಕ್ಕೆ ದ್ರೋಹ ನಡೆಯಿತು ಎನ್ನಲಾಗದು, ಫೆರಿಶ್ತಾ ಹೇಳಲಿಲ್ಲ ಎಂದ ಮಾತ್ರಕ್ಕೆ ನಡೆಯಲಿಲ್ಲ ಎಂದೂ ಅನ್ನಲಾಗದು. ಆದರೆ ನಿಮ್ಮ ಕೈಯಲ್ಲಿರುವ ಪುಸ್ತಕ ಇದನ್ನು ಹೇಗೆ ಬರೆದಿದೆ ಎಂದು ನೋಡಬಹುದು. ‘ದ್ರೋಹದಿಂದ ಸೋತರು’ ಎಂದು ನೇರವಾಗಿ ಬರೆದಿದ್ದರೆ ‘ಕೇಳಿದ್ದು’ ಎಂಬುದು ನಡುದಾರಿಯಲ್ಲಿ ಎಲ್ಲೋ ಬಿದ್ದುಹೋಗಿದೆ. ‘ದ್ರೋಹ ನಡೆಯಿತೆಂದು ಫೆಡರಿಚಿ ಬರೆಯುತ್ತಾನೆ’ ಎಂದಿದ್ದರೆ ಲೇಖಕ ಲೆಕ್ಕ ಸರಿಯಾಗಿ ಇಟ್ಟಿದ್ದಾನೆ. ನನ್ನ ಅನುಭವದಲ್ಲಿ ಒಬ್ಬ ಲೇಖಕನನ್ನು ಎಷ್ಟು ನಂಬಬಹುದು ಎಂಬುದು ಈ ‘ಬರೆಯುತ್ತಾನೆ’, ‘ಎನ್ನುತ್ತಾನೆ’ಗಳಲ್ಲಿಯೇ ಹೆಚ್ಚಾಗಿ ತಿಳಿದುಬಿಡುತ್ತದೆ.

ಕ್ರಿಯಾಪದದ ಬಾಲ ಹಿಡಿಯಿರಿ

ಇಂಗ್ಲಿಷ್ ಪುಸ್ತಕದಲ್ಲಿ ಕಾಣದ ಒಂದು ಪಕ್ಷಪಾತ ಕನ್ನಡದಲ್ಲಿ ತಾನಾಗಿಯೇ ಬಯಲಾಗುತ್ತದೆ. ನಮ್ಮ ಕ್ರಿಯಾಪದಕ್ಕೆ ಬಾಲವಿದೆ. ಬಂದನು ಎನ್ನಬೇಕು, ಇಲ್ಲವೇ ಬಂದರು ಎನ್ನಬೇಕು. ಒಂದು ಪುಟದಲ್ಲಿ ಯಾವ ಯಾವ ಹೆಸರಿಗೆ ‘ಅರು’ ಬಂದಿದೆ, ಯಾವುದಕ್ಕೆ ‘ಅನು’ ಬಂದಿದೆ ಎಂದು ಪಟ್ಟಿ ಮಾಡಿ. ಎಲ್ಲ ರಾಜರಿಗೂ ಏಕವಚನವಾದರೆ ಅದು ಹಳೆಯ ಶೈಲಿ, ತಕರಾರಿಲ್ಲ. ಎಲ್ಲರಿಗೂ ಬಹುವಚನವಾದರೆ ಅದೂ ಸರಿ. ಒಬ್ಬನಿಗೆ ಗೌರವ, ಇನ್ನೊಬ್ಬನಿಗೆ ಇಲ್ಲ ಎಂದಾದರೆ ಲೇಖಕರು ಯಾವ ಡೇರೆಯಲ್ಲಿ ಕುಳಿತಿದ್ದಾರೆ ಎಂದು ಗೊತ್ತಾಯಿತು.

ಆಮೇಲೆ ಹೆಸರುಗಳನ್ನು ಅದಲುಬದಲು ಮಾಡಿ ಓದಿ. ಸಭೆಗೆ ನಾನೇ ಕಟ್ಟಿದ ಎರಡು ವಾಕ್ಯಗಳನ್ನು ಕೊಟ್ಟೆ: ‘ರಾಮರಾಯರು ಕೃಷ್ಣೆಯ ಆಚೆಗೆ ದಂಡಯಾತ್ರೆ ಕೈಗೊಂಡರು. ಆದಿಲ್‌ಶಾಹನು ರಾಯಚೂರು ಸೀಮೆಯ ಮೇಲೆ ದಾಳಿ ಮಾಡಿ ಕೊಳ್ಳೆ ಹೊಡೆದನು.’ ಹೆಸರು ಬದಲಿಸಿದರೆ, ‘ಆದಿಲ್‌ಶಾಹರು ರಾಯಚೂರಿನ ಕಡೆಗೆ ದಂಡಯಾತ್ರೆ ಕೈಗೊಂಡರು. ರಾಮರಾಯನು ಕೃಷ್ಣೆಯ ಆಚೆಗೆ ದಾಳಿ ಮಾಡಿ ಕೊಳ್ಳೆ ಹೊಡೆದನು.’ ಎರಡನೆಯದನ್ನು ಓದಿದಾಗ ಕೆಲವರು ಕುರ್ಚಿಯಲ್ಲಿ ಸರಿದು ಕುಳಿತರು. ಸೈನ್ಯ ಹೊರಟದ್ದು, ಹೊಲ ತುಳಿದದ್ದು, ಧಾನ್ಯ ಕಿತ್ತುಕೊಂಡದ್ದು ಎರಡೂ ಕಡೆ ಒಂದೇ. ದಂಡಯಾತ್ರೆ ಮತ್ತು ದಾಳಿ, ಕಪ್ಪ ಮತ್ತು ಸುಲಿಗೆ, ವಶಪಡಿಸಿಕೊಂಡರು ಮತ್ತು ಕಬಳಿಸಿದನು: ಈ ಜೋಡಿಗಳನ್ನು ಗಮನಿಸುತ್ತ ಹೋಗಿ.

ಇನ್ನೊಂದು ಬಾಲ ‘ಆಯಿತು’. ‘ಹಂಪೆ ನಾಶವಾಯಿತು’ ಎಂಬ ವಾಕ್ಯದಲ್ಲಿ ನಾಶ ಮಾಡಿದವರು ಇಲ್ಲ. ಮಳೆ ಬಂತು, ಬೆಳಗಾಯಿತು ಎಂಬ ಹಾಗೆ ಅದು ತಾನೇ ಆಗಿಬಿಡುತ್ತದೆ. ‘ಆಯಿತು’ ಕಂಡಲ್ಲೆಲ್ಲ ‘ಯಾರು ಮಾಡಿದರು’ ಎಂದು ಬಲಗಡೆ ಬರೆಯಿರಿ.

ಆದರೆ ಕರ್ತೃ ಸಿಕ್ಕಿತೆಂದು ಸುಮ್ಮನಾಗಬೇಡಿ. ಅಂದಿನ ಸಂಜೆ ನನಗೆ ಮರೆಯಲಾಗದ ಪ್ರಸಂಗ ಇಲ್ಲೇ ನಡೆದದ್ದು. ಕದನದ ಸುದ್ದಿ ಬಂದ ಮೇಲೆ ನಗರವನ್ನು ಮೊದಲು ಲೂಟಿ ಮಾಡಿದವರು ಯಾರು? ಬ್ರಿಂಜಾರಿಗಳು, ಲಂಬಾಣಿಗಳು, ಕುರುಬರು ಮುಂತಾದವರು ಎಂದು ಸಿವೆಲ್ ಬರೆಯುತ್ತಾನೆ. ಈ ಸಾಲು ಅಲ್ಲಿಂದ ಬೇರೆ ಪುಸ್ತಕಗಳಿಗೂ ನಡೆದುಬಂದಿದೆ. ಓದಿ ಹೇಳುವಾಗಲೇ ಬಾಗಿಲ ಬಳಿ ನಿಂತಿದ್ದ, ಪಕ್ಕದ ತಾಂಡಾದ ಒಬ್ಬರು, “ನಮ್ಮವರ ಹೆಸರು ಅವನಿಗೆ ಯಾರು ಹೇಳಿದರು ಸರ್?” ಎಂದು ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ಕಲಿಸುತ್ತಿದ್ದ ಪ್ರಶ್ನೆಯನ್ನೇ ಅವರು ಕೇಳಿದ್ದರು.

ಉತ್ತರ ಸಿವೆಲ್ಲನ ಪುಸ್ತಕದಲ್ಲಿಯೇ ಇದೆ, ಅಡಿಟಿಪ್ಪಣಿಯಲ್ಲಿ. ಅವನ ಆಧಾರ ಗೋವೆಯಲ್ಲಿದ್ದ ಪೋರ್ಚುಗೀಸ್ ಚರಿತ್ರಕಾರ ದಿಯೋಗೊ ದೊ ಕೂಟೊ. ಕೂಟೊ ಬಳಸಿದ ಪದ ‘ಬೆದುಎಸ್’. ಅದು ಅರಬ್ಬೀ ಬೆದೂಯಿನ್ ಎಂಬುದರ ರೂಪವಿರಬೇಕು, ಅಲೆಮಾರಿ ಜನ ಎಂಬ ಅರ್ಥ ಎಂದು ಸಿವೆಲ್ಲನೇ ಹೇಳುತ್ತಾನೆ. ಅಂದರೆ ಮೂಲದಲ್ಲಿ ಯಾವ ಜಾತಿಯ ಹೆಸರೂ ಇಲ್ಲ. ಅಲೆಮಾರಿಗಳು ಎಂಬ ಮಸುಕಾದ ಪದಕ್ಕೆ, ಮುನ್ನೂರು ವರ್ಷಗಳ ನಂತರ, ಬಳ್ಳಾರಿ ಸೀಮೆಯಲ್ಲಿ ತಾನು ಕಂಡ ಸಮುದಾಯಗಳ ಹೆಸರನ್ನು ಒಬ್ಬ ಬ್ರಿಟಿಷ್ ಅಧಿಕಾರಿ ತುಂಬಿದ. ಹಲವು ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಸರ್ಕಾರ ಪಟ್ಟಿ ಮಾಡುತ್ತಿದ್ದ ಕಾಲ ಅದು, ಆ ಕಾನೂನು 1871ರಲ್ಲಿ ಬಂದಿತ್ತು. ನಾಲ್ಕು ಪದಗಳಲ್ಲಿ ಇದಕ್ಕೆ ಯಾವುದು ಎಂದು ಕೇಳಿದೆ. “ಊಹೆ” ಎಂದು ಹಲವರು ಒಟ್ಟಿಗೆ ಹೇಳಿದರು. ಬಾಗಿಲ ಬಳಿ ಇದ್ದವರು ಒಳಗೆ ಬಂದು ಕುಳಿತರು.

ಇಷ್ಟಾದರೂ ಸಿವೆಲ್ಲನ ಪುಸ್ತಕವನ್ನು ಮೂಲೆಗೆ ಎಸೆಯಬೇಕಿಲ್ಲ. ಪಾಯೆಸ್ ಮತ್ತು ನೂನಿಜ್ ಎಂಬ ಪೋರ್ಚುಗೀಸರ ವಿಜಯನಗರ ವರ್ಣನೆಗಳನ್ನು ಇಂಗ್ಲಿಷಿಗೆ ತಂದುಕೊಟ್ಟವನು ಅವನೇ. ಅವನ ಊಹೆಯನ್ನು ಹಿಡಿಯಲು ನಮಗೆ ಸಾಧ್ಯವಾದದ್ದು ಅವನದೇ ಅಡಿಟಿಪ್ಪಣಿಯಿಂದ. ಅವನಿಂದ ಸಾಲು ಎತ್ತಿಕೊಂಡು ಟಿಪ್ಪಣಿಯನ್ನು ಬಿಟ್ಟವರು ಅವನಿಗಿಂತ ದೊಡ್ಡ ತಪ್ಪು ಮಾಡಿದವರು.

ಸಂಖ್ಯೆ ಬಂದರೆ ಊಟದ ಲೆಕ್ಕ ಹಾಕಿ

ರಾಮರಾಯನ ಬಳಿ ಆರು ಲಕ್ಷ ಕಾಲಾಳು, ಒಂದು ಲಕ್ಷ ಕುದುರೆ ಇತ್ತು ಎಂಬ ಮಾತು ಪುಸ್ತಕಗಳಲ್ಲಿ ಸಿಗುತ್ತದೆ. ನಮ್ಮ ಸಭೆಯಲ್ಲಿ ಅರ್ಧದಷ್ಟು ಜನ ಒಕ್ಕಲುತನದವರು. ಲೆಕ್ಕ ಅವರೇ ಹಾಕಿದರು. ಒಬ್ಬನಿಗೆ ದಿನಕ್ಕೆ ಮುಕ್ಕಾಲು ಕಿಲೋ ಕಾಳು ಎಂದರೆ ಆರು ಲಕ್ಷ ಜನಕ್ಕೆ 4,500 ಕ್ವಿಂಟಲ್. ಕುದುರೆಗೆ ಹುಲ್ಲು ಬಿಟ್ಟು ನಾಲ್ಕು ಕಿಲೋ ಹುರುಳಿಯೋ ಕಡಲೆಯೋ ಎಂದರೆ 4,000 ಕ್ವಿಂಟಲ್. ಒಟ್ಟು 8,500 ಕ್ವಿಂಟಲ್, ಅದೂ ಒಂದು ದಿನಕ್ಕೆ. ಹೇರೆತ್ತು ಒಂದು ಕ್ವಿಂಟಲ್ ಹೊತ್ತರೆ ದಿನವೂ 8,500 ಎತ್ತುಗಳು ಬಂದು ಇಳಿಸಬೇಕು, ಹಿಂದಿರುಗಿ ಹೋಗುವ ಎತ್ತುಗಳು ಬೇರೆ. “ಇಂದಿನ ಹತ್ತು ಟನ್ನಿನ ಲಾರಿಯಾದರೆ ಎಂಬತ್ತೈದು” ಎಂದರು ಕಾಳಿನ ವ್ಯಾಪಾರ ಮಾಡುವ ಒಬ್ಬರು. “ನಮ್ಮ ಎಪಿಎಂಸಿಯಲ್ಲಿ ಸುಗ್ಗಿಯಲ್ಲಿಯೂ ದಿನಾ ಅಷ್ಟು ನಿಲ್ಲುವುದಿಲ್ಲ.”

ಈ ಲೆಕ್ಕದಿಂದ ಸೈನ್ಯ ಚಿಕ್ಕದಿತ್ತು ಎಂದು ಸಾಬೀತಾಗುವುದಿಲ್ಲ. ಆ ಸಂಖ್ಯೆ ತಲೆ ಎಣಿಸಿ ಬಂದದ್ದಲ್ಲ, ‘ಲೆಕ್ಕವಿಲ್ಲದಷ್ಟು’ ಎಂಬುದರ ಇನ್ನೊಂದು ಹೆಸರು ಎಂದಷ್ಟೇ ತಿಳಿಯುತ್ತದೆ. ಸತ್ತವರು ಒಂದು ಲಕ್ಷಕ್ಕೂ ಹೆಚ್ಚು ಎಂಬ ಫೆರಿಶ್ತಾನ ಸಂಖ್ಯೆಯನ್ನೂ ಹಾಗೆಯೇ ಓದಬೇಕು. ಸೈನ್ಯ ದೊಡ್ಡದೆಂದು ಹೇಳುವುದು ಎರಡೂ ಕಡೆಯವರಿಗೆ ಅನುಕೂಲ ಎಂಬುದನ್ನು ಗಮನಿಸಿ. ಗೆದ್ದವರಿಗೆ ಗೆಲುವು ದೊಡ್ಡದಾಗುತ್ತದೆ, ಸೋತವರ ಅಭಿಮಾನಿಗಳಿಗೆ ಕಳೆದುಕೊಂಡ ವೈಭವ ದೊಡ್ಡದಾಗುತ್ತದೆ. ಇಬ್ಬರು ಶತ್ರುಗಳು ಒಂದೇ ಮಾತನ್ನು ಒಪ್ಪಿದರೆ ಅದು ನಿಜವಿರಬೇಕು ಎಂಬ ನಿಯಮ ಇಲ್ಲಿ ನಡೆಯುವುದಿಲ್ಲ.

ಕತೆ ಎಲ್ಲಿ ಶುರು, ಎಲ್ಲಿ ಮುಗಿತಾಯ

ಅಧ್ಯಾಯದ ಮೊದಲ ವರ್ಷ ಮತ್ತು ಕೊನೆಯ ವರ್ಷವನ್ನು ಬರೆದುಕೊಳ್ಳಿ. ಅತ್ಯಂತ ಸುಲಭದ ಕೆಲಸ ಇದು, ಅತ್ಯಂತ ಹೆಚ್ಚು ಬಯಲು ಮಾಡುವುದೂ ಇದೇ. ಇಲ್ಲಿ ಸುಳ್ಳು ಹೇಳಬೇಕಾಗಿಯೇ ಇಲ್ಲ. ಎಲ್ಲಿ ಕತ್ತರಿಸುವುದು ಎಂದು ತೀರ್ಮಾನಿಸಿದರೆ ಸಾಕು.

ಕತೆಯನ್ನು 1564ರ ಡಿಸೆಂಬರಿನಲ್ಲಿ, ಸುಲ್ತಾನರ ಸೈನ್ಯಗಳು ತಾಳೀಕೋಟೆಯಲ್ಲಿ ಸೇರಿದಲ್ಲಿಂದ ಶುರು ಮಾಡಿದರೆ ಕಾಣುವುದು ನಾಲ್ವರು ಮುಸ್ಲಿಂ ದೊರೆಗಳು ಮತ್ತು ಒಬ್ಬ ಹಿಂದೂ ದೊರೆ. ಸಿವೆಲ್ಲನ ಪುಸ್ತಕ ಅದಕ್ಕೂ ಹಿಂದೆ ಹೋಗಿ, ವಿಜಯನಗರವನ್ನು ಹುಟ್ಟಿನಿಂದಲೇ ಇಸ್ಲಾಮಿನ ಎದುರು ಎದ್ದ ಗೋಡೆ ಎಂಬಂತೆ ಚಿತ್ರಿಸುತ್ತದೆ. ಗೋಡೆ ಎಂದು ಶುರು ಮಾಡಿದರೆ ಮುರಿದುಬೀಳುವುದೇ ಅದರ ಕೊನೆ. ಈಗ 1543ರಿಂದ ಶುರು ಮಾಡಿ ನೋಡಿ. ಗೋಲ್ಕೊಂಡದ ಇಬ್ರಾಹಿಂ, ಇದೇ ಕದನದಲ್ಲಿ ಎದುರು ನಿಂತವನು, ಅಣ್ಣನಿಗೆ ಹೆದರಿ ಓಡಿಬಂದು ಏಳು ವರ್ಷ ವಿಜಯನಗರದಲ್ಲಿಯೇ ಆಶ್ರಯ ಪಡೆದಿದ್ದ. 1558ರ ಸುಮಾರಿಗೆ ಅಲಿ ಆದಿಲ್‌ಶಾಹ ಇದೇ ರಾಮರಾಯನ ಜೊತೆ ಸೇರಿ ಅಹಮದನಗರದ ಮೇಲೆ ಏರಿಹೋಗಿದ್ದ. ಅವನನ್ನು ರಾಮರಾಯನ ಹೆಂಡತಿ ಮಗನೆಂದು ಬರಮಾಡಿಕೊಂಡಳು ಎಂದು ಫೆರಿಶ್ತಾ ಹೇಳುತ್ತಾನೆ. ಹೀಗೆ ಶುರುವಾದ ಕತೆಯಲ್ಲಿ ಕಾಣುವುದು ಬದುವಿನ ಜಗಳಕ್ಕೆ ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟಿದ ದಾಯಾದಿಗಳಂಥ ಜನ.

ಇಲ್ಲಿ ಒಬ್ಬ ತರುಣ ಎದ್ದು, “ಹಾಗಾದರೆ ಧರ್ಮಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಎನ್ನುತ್ತೀರಾ?” ಎಂದು ಸ್ವಲ್ಪ ಬಿರುಸಾಗಿಯೇ ಕೇಳಿದ. ಹಾಗೆ ಹೇಳುವ ಪುಸ್ತಕಗಳೂ ಇವೆ, ಅವನ್ನೂ ಇದೇ ಜರಡಿಯಲ್ಲಿ ಹಾಕಬೇಕು ಎಂದೆ. ಅಹಮದನಗರದ ದಂಡಯಾತ್ರೆಯಲ್ಲಿ ವಿಜಯನಗರದ ಸೈನಿಕರು ಮಸೀದಿಗಳನ್ನು ಅಪವಿತ್ರಗೊಳಿಸಿದರು, ಅದರ ಸಿಟ್ಟು ಉಳಿದಿತ್ತು ಎಂದು ಫೆರಿಶ್ತಾ ಬರೆಯುತ್ತಾನೆ. ಗೆಲುವನ್ನು ಧರ್ಮದ ಗೆಲುವಿನ ಭಾಷೆಯಲ್ಲಿಯೇ ಹೇಳುತ್ತಾನೆ. ಇದನ್ನು ಕೈಬಿಟ್ಟು ಬರೆದವರು ತಮಗೆ ಬೇಡದ್ದನ್ನು ಬಿಟ್ಟಿದ್ದಾರೆ. ಅದೇ ಫೆರಿಶ್ತಾನಲ್ಲಿ, ಒಕ್ಕೂಟ ಗಟ್ಟಿಯಾದದ್ದು ಎರಡು ಮದುವೆಗಳಿಂದ ಎಂಬ ವಿವರವೂ ಇದೆ. ಹುಸೇನನ ಮಗಳು ಚಾಂದ್ ಬೀಬಿಯನ್ನು ಅಲಿಗೆ ಕೊಟ್ಟರು, ಅಲಿಯ ತಂಗಿಯನ್ನು ಹುಸೇನನ ಮಗನಿಗೆ ತಂದುಕೊಂಡರು. ಚಾಂದ್ ಬೀಬಿಯ ಜೊತೆ ಸೊಲ್ಲಾಪುರದ ಕೋಟೆ ಬಳುವಳಿಯಾಗಿ ಬಂತು. ಸೊಲ್ಲಾಪುರಕ್ಕಾಗಿ ಈ ಎರಡು ಮನೆಗಳು ವರ್ಷಗಟ್ಟಲೆ ಹೊಡೆದಾಡಿದ್ದವು. ಧರ್ಮ ಒಂದಾಗಿದ್ದರೂ ಕೋಟೆಯ ತಕರಾರು ಬಗೆಹರಿಯುವವರೆಗೆ ಅವರು ಒಂದಾಗಲಿಲ್ಲ ಎಂಬುದನ್ನು ಬಿಟ್ಟು ಬರೆದವರೂ ಬೇಡದ್ದನ್ನು ಬಿಟ್ಟವರೇ. ತರುಣ ಕುಳಿತ. ಒಪ್ಪಿದನೋ ಇಲ್ಲವೋ ಗೊತ್ತಿಲ್ಲ, ನೋಟುಬುಕ್ಕಿನಲ್ಲಿ ಸೊಲ್ಲಾಪುರ ಎಂದು ಬರೆದುಕೊಂಡದ್ದು ಕಂಡಿತು.

ಮುಗಿತಾಯವೂ ಹೀಗೆಯೇ. 1565ಕ್ಕೆ ಅಧ್ಯಾಯ ಮುಗಿದರೆ ಸಾಮ್ರಾಜ್ಯವೂ ಅಂದೇ ಮುಗಿದ ಹಾಗೆ ಕಾಣುತ್ತದೆ. ರಾಮರಾಯನ ತಮ್ಮ ತಿರುಮಲ ಪೆನುಕೊಂಡೆಗೆ ಹೋಗಿ ನೆಲೆನಿಂತ, ಅರವೀಡು ವಂಶದ ದೊರೆಗಳು ಹದಿನೇಳನೆಯ ಶತಮಾನದ ನಡುಭಾಗದವರೆಗೂ ಆಳಿದರು. ಶ್ರೀರಂಗಪಟ್ಟಣದಲ್ಲಿ ವಿಜಯನಗರದ ಪ್ರತಿನಿಧಿ ಇದ್ದದ್ದು 1610ರವರೆಗೆ, ರಾಜ ಒಡೆಯರು ಅದನ್ನು ತೆಗೆದುಕೊಳ್ಳುವವರೆಗೆ.

ಎರಡನೆಯ ಪುಸ್ತಕ, ಆಮೇಲೆ ಕಲ್ಲು

ಇಷ್ಟು ಮಾಡಿದ ಮೇಲೆ ಅದೇ ವಿಷಯದ ಇನ್ನೊಂದು ಪುಸ್ತಕ ತನ್ನಿ, ಬೇಕಾದರೆ ನಿಮಗೆ ಒಗ್ಗದ ಲೇಖಕರದು. ಪೂರ್ತಿ ಓದಬೇಕಿಲ್ಲ. ನಿಮ್ಮ ಬಲಗಡೆಯ ಅಂಕಣದಲ್ಲಿರುವ ಐದಾರು ಪ್ರಶ್ನೆಗಳಿಗೆ ಅದು ಏನು ಹೇಳುತ್ತದೆ ಎಂದಷ್ಟೇ ನೋಡಿ. ಹೊಂದದ ಕಡೆ ಗುರುತು ಹಾಕಿ. ಎರಡೂ ಪುಸ್ತಕಗಳು ಒಂದೇ ಮೂಲದಿಂದ ಬಂದಿದ್ದರೆ ಹೊಂದಿದ್ದಕ್ಕೆ ಬೆಲೆಯಿಲ್ಲ ಎಂಬುದನ್ನು ಮರೆಯಬೇಡಿ.

ಹಂಪೆಯಂಥ ಕಡೆ ಮೂರನೆಯ ಸಾಕ್ಷಿಯೂ ಇದೆ. ನಗರವನ್ನು ಒಂದು ಕಲ್ಲೂ ಉಳಿಯದ ಹಾಗೆ ಕೆಡವಿದರು ಎಂದು ಓದಿದ್ದರೆ, ಹೋದಾಗ ವಿರೂಪಾಕ್ಷ ಗುಡಿಯಲ್ಲಿ ನಿಂತು ನೋಡಿ. ಅದು ನಿಂತಿದೆ, ಇಂದಿಗೂ ಪೂಜೆ ನಡೆಯುತ್ತಿದೆ. ಅಲ್ಲಿಂದ ಸ್ವಲ್ಪ ದೂರದಲ್ಲಿಯೇ ಇರುವ ವಿಠ್ಠಲ ಗುಡಿ ಭಗ್ನವಾಗಿದೆ, ಅರಮನೆಗಳ ಭಾಗದಲ್ಲಿ ಉಳಿದಿರುವುದು ಹೆಚ್ಚಾಗಿ ಕಟ್ಟೆಗಳು ಮಾತ್ರ. ಅಂದರೆ ನಾಶ ನಿಜ, ಆದರೆ ಎಲ್ಲ ಕಡೆ ಒಂದೇ ಸಮನಾಗಿಲ್ಲ. ಯಾಕೆ ಹೀಗೆ ಎಂಬುದಕ್ಕೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಅದೇ ಹಂಪೆಯಲ್ಲಿ ಅಹಮದ್ ಖಾನ್ ಎಂಬ ಅಧಿಕಾರಿ 1439ರಲ್ಲಿ, ದೇವರಾಯನ ಕಾಲದಲ್ಲಿ, ಕಟ್ಟಿಸಿದ ಮಸೀದಿಯೂ ಇದೆ, ಅದರ ಶಾಸನ ಕನ್ನಡದಲ್ಲಿದೆ. ಗೋಡೆಯ ಕತೆ ಹೇಳುವ ಪುಸ್ತಕದಲ್ಲಿ ಈ ಕಟ್ಟಡ ಬರುತ್ತದೆಯೇ ಎಂದು ಹುಡುಕಿ ನೋಡಿ.

ಊರಿನ ಹೆಸರಿನ ವಿಷಯವನ್ನು ಕೊನೆಗೆಂದೇ ಇಟ್ಟುಕೊಂಡಿದ್ದೆ. ತಾಳೀಕೋಟೆ ಸುಲ್ತಾನರು ಬೀಡುಬಿಟ್ಟ ಊರು ಮಾತ್ರ. ಕಾದಾಟ ನಡೆದದ್ದು ಅಲ್ಲಿಂದ ಬಹಳ ದೂರ, ಕೃಷ್ಣೆಯ ದಂಡೆಯ ಕಡೆಗೆ. ಮುದ್ದೇಬಿಹಾಳ ತಾಲ್ಲೂಕಿನ ರಕ್ಕಸಗಿ, ತಂಗಡಗಿ ಎಂಬ ಊರುಗಳ ಹೆಸರು ಸೇರಿಸಿ ಹಲವರು ಅದನ್ನು ರಕ್ಕಸ ತಂಗಡಗಿ ಕದನ ಎನ್ನುತ್ತಾರೆ. ಗೆದ್ದವರ ಬೀಡಿನ ಹೆಸರೇ ಕದನಕ್ಕೆ ಅಂಟಿಕೊಂಡಿದೆ. ನಾನೂ ಮೂವತ್ತು ವರ್ಷ ತಾಳೀಕೋಟೆ ಎಂದೇ ಬರೆಸಿದವನು.

ಇದನ್ನು ಕೇಳಿ ಮುಂದಿನ ಸಾಲಿನ ಹಿರಿಯರೊಬ್ಬರು ಉತ್ಸಾಹದಿಂದ ಎದ್ದರು. ಅವರ ಅಜ್ಜನ ಕಾಲದಲ್ಲಿ ಹೊಳೆದಂಡೆಯ ಹೊಲ ಉಳುವಾಗ ನೇಗಿಲಿಗೆ ಕಬ್ಬಿಣದ ಗುಂಡು ಸಿಕ್ಕಿತ್ತಂತೆ, ಆ ಕದನದ್ದೇ ಅಂತೆ. ಎಲ್ಲರೂ ಕುತೂಹಲದಿಂದ ಕೇಳಿದರು. ಗುಂಡು ಈಗ ಎಲ್ಲಿದೆ ಎಂದು ಕಾಲೇಜು ಹುಡುಗ ಕೇಳಿದ. ಇಲ್ಲ, ಯಾರೋ ಒಯ್ದರು. ಅಜ್ಜ ಅದನ್ನು ಕಣ್ಣಾರೆ ಕಂಡಿದ್ದರೇ? ಹಿರಿಯರು ಸ್ವಲ್ಪ ಹೊತ್ತು ಯೋಚಿಸಿದರು. “ಅಜ್ಜನಿಗೂ ಯಾರೋ ಹೇಳಿದ್ದೇ ಇರಬೇಕು” ಎಂದು ನಕ್ಕು, ನನ್ನ ಹಲಗೆಯ ಕಡೆ ಬೆರಳು ಮಾಡಿದರು. “ಬರೆಯಿರಿ ಗುರುಗಳೇ, ಎರಡು ಸಲ ಬರೆಯಿರಿ. ಕೇಳಿದ್ದು, ಕೇಳಿದ್ದು.”